ಪರಿಸರದ ಏರಿಳಿತ ಹಾಕಿದರೂ ಅಳಿವಿನ ಲೆಕ್ಕ ಕದಲದಿದ್ದರೆ: ಆರ್ ಸಿಮ್ಯುಲೇಶನ್‌ನ ಒಂದು ಮೂಕ ದೋಷ

ಲಕ್ಷಣ ಹೀಗಿರುತ್ತದೆ. ಪುಟ್ಟದೊಂದು ಪ್ರಾಣಿಗುಂಪು ಐವತ್ತು ವರ್ಷದೊಳಗೆ ಅಳಿದುಹೋಗುವ ಸಂಭವ ಎಷ್ಟೆಂದು ತಿಳಿಯಲು ಆರ್ ಭಾಷೆಯಲ್ಲಿ ಸಿಮ್ಯುಲೇಶನ್ ಬರೆದಿರುತ್ತೀರಿ. ಒಳ್ಳೆಯ ವರ್ಷ, ಕೆಟ್ಟ ವರ್ಷಗಳ ವ್ಯತ್ಯಾಸವನ್ನೂ ಅದರಲ್ಲಿ ಸೇರಿಸಿರುತ್ತೀರಿ. ಅನುಮಾನ ಬಂದು ಆ ಏರಿಳಿತವನ್ನು ದುಪ್ಪಟ್ಟು ಮಾಡಿ ಓಡಿಸಿದರೆ ಅಳಿವಿನ ಸಂಭವ ಇದ್ದಲ್ಲೇ ಇರುತ್ತದೆ. ಎಚ್ಚರಿಕೆಯ ಸಂದೇಶವಿಲ್ಲ, ಕೆಂಪು ಅಕ್ಷರವಿಲ್ಲ, ನಕ್ಷೆಯ ಗೆರೆಗಳೂ ನಂಬುವಂತೆಯೇ ಅಂಕುಡೊಂಕಾಗಿ ಓಡುತ್ತಿರುತ್ತವೆ. ಕೋಡ್ ಓಡದೆ ನಿಂತರೆ ಯಾರಾದರೂ ಸರಿಪಡಿಸುತ್ತಾರೆ. ಇದು ಓಡುತ್ತಲೇ ತಪ್ಪು ಹೇಳುವ ಜಾತಿಯದು.

ಕೋಲಾರದ ಎಲೆಮೂಗಿನ ಬಾವಲಿಯನ್ನು ವಿಷಯವಾಗಿ ಆರಿಸಿಕೊಂಡಿದ್ದ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ತಂದ ಕೋಡಿನಲ್ಲಿ ಈ ದೋಷ ಅಚ್ಚುಕಟ್ಟಾಗಿ ಕುಳಿತಿತ್ತು. ಆದ್ದರಿಂದ ಉದಾಹರಣೆಗೆ ಅದನ್ನೇ ಇಟ್ಟುಕೊಳ್ಳುತ್ತೇನೆ. 1994ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಈ ಬಾವಲಿ ಕೋಲಾರ ಜಿಲ್ಲೆ ಬಿಟ್ಟು ಬೇರೆಲ್ಲೂ ಕಂಡಿಲ್ಲ. ತೇರಹಳ್ಳಿಯಲ್ಲಿದ್ದ ಗುಂಪು ಹೋಯಿತು. ಈಗ ತಿಳಿದಿರುವುದು ಹನುಮನಹಳ್ಳಿಯ ಒಂದೇ ಗುಹೆ, ಅದರಲ್ಲಿ ಇನ್ನೂರಕ್ಕಿಂತ ಕಡಿಮೆ ಬಾವಲಿಗಳು, ಸುತ್ತಮುತ್ತ ಕಲ್ಲುಗಣಿಯ ಕಾಟ. ಸಣ್ಣ ಸಂಖ್ಯೆಯ ಆಕಸ್ಮಿಕಗಳನ್ನು ಲೆಕ್ಕ ಹಾಕಲು ಇದಕ್ಕಿಂತ ತಕ್ಕ ಜೀವಿ ನಮ್ಮ ಸೀಮೆಯಲ್ಲಿಲ್ಲ.

ಕೆಳಗಿನ ಬದುಕುಳಿವಿನ ಅಂಕಿಗಳು ಈ ಬಾವಲಿಯನ್ನು ಅಳೆದು ತೆಗೆದವಲ್ಲ, ಲೆಕ್ಕ ಸುಲಭವಾಗಲೆಂದು ಇಟ್ಟುಕೊಂಡವು. ಹೆಣ್ಣುಗಳನ್ನು ಮಾತ್ರ ಎಣಿಸೋಣ. ಒಂದು ಹೆಣ್ಣು ವರ್ಷ ಕಳೆಯುವ ಹೊತ್ತಿಗೆ ಬದುಕಿರುವ ಸಂಭವ 0.8. ಎಲೆಮೂಗಿನ ಬಾವಲಿಗಳು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕುತ್ತವೆ. ಅದು ಹೆಣ್ಣಾಗುವ ಸಂಭವ ಅರ್ಧ, ಹುಟ್ಟಿದ ಹೆಣ್ಣುಮರಿ ಮೊದಲ ವರ್ಷ ದಾಟುವ ಸಂಭವ 0.4 ಎಂದುಕೊಂಡರೆ, ತಾಯಿಯೊಂದಕ್ಕೆ ಮುಂದಿನ ವರ್ಷಕ್ಕೆ ಒದಗುವ ಹೆಣ್ಣುಮರಿ ಸರಾಸರಿ 0.2. ಎರಡೂ ಕೂಡಿದರೆ 1. ಅಂದರೆ ಸರಾಸರಿಯಲ್ಲಿ ಗುಂಪು ಬೆಳೆಯುವುದೂ ಇಲ್ಲ, ಕುಗ್ಗುವುದೂ ಇಲ್ಲ. ಏನಾದರೂ ಆದರೆ ಅದು ಆಕಸ್ಮಿಕದ ಕೆಲಸ.

ದೋಷವಿರುವ ಕೋಡ್

```r
varsha <- function(N, k = 24) {
  s <- rbeta(N, 0.8 * k, 0.2 * k)
  ulidavu <- sum(rbinom(N, 1, s))
  mari <- rbinom(1, N, 0.2)
  ulidavu + mari
}
```

`s` ಎಂಬುದು ಬದುಕುಳಿವ ಸಂಭವ. ಬೀಟಾ ವಿತರಣೆಯಿಂದ ತೆಗೆದದ್ದರಿಂದ ಅದು ಸೊನ್ನೆ ಮತ್ತು ಒಂದರ ನಡುವೆಯೇ ಇರುತ್ತದೆ, ಸರಾಸರಿ ಕರಾರುವಾಕ್ಕಾಗಿ 0.8 ಆಗಿರುತ್ತದೆ. ಏರಿಳಿತದ ಅಳತೆ `k`ಯ ಕೈಯಲ್ಲಿದೆ: ವೇರಿಯನ್ಸ್ `0.8 * 0.2 / (k + 1)`. `k` 24 ಆದರೆ ಇದು 0.0064, ಮಾನಕ ವಿಚಲನೆ 0.08. `k`ಯನ್ನು 5.25ಕ್ಕೆ ಇಳಿಸಿದರೆ ಮಾನಕ ವಿಚಲನೆ ನೇರವಾಗಿ ದುಪ್ಪಟ್ಟಾಗಿ 0.16 ಆಗುತ್ತದೆ. ಇಪ್ಪತ್ತು ಹೆಣ್ಣುಗಳಿಂದ ಶುರುಮಾಡಿ ಐವತ್ತು ವರ್ಷ ಓಡಿಸಿದರೆ ಈ ಕೋಡ್ ನೂರಕ್ಕೆ ಹತ್ತು–ಹನ್ನೊಂದು ಸಲ ಗುಂಪನ್ನು ಅಳಿಸುತ್ತದೆ. `k` 24 ಇರಲಿ, 5.25 ಇರಲಿ, 2 ಇರಲಿ, ಅಷ್ಟೇ.

ಸಾಲುಸಾಲಾಗಿ ಓದಿದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ, ಅದೇ ತೊಂದರೆ. ಬೀಟಾ ಇದೆ, ಬೈನಾಮಿಯಲ್ ಇದೆ, ಇಡೀ ವರ್ಷದ್ದು, ಒಂದೊಂದು ಬಾವಲಿಯದು ಎಂಬ ಎರಡೂ ಬಗೆಯ ಆಕಸ್ಮಿಕ ಇದ್ದಂತೆಯೇ ತೋರುತ್ತದೆ. ಹಾಗಾಗಿ ಓದುವುದನ್ನು ಬಿಟ್ಟು ಪರೀಕ್ಷೆ ಮಾಡಬೇಕು.

ಒಂದೇ ವರ್ಷದ ಪರೀಕ್ಷೆ

ಐವತ್ತು ವರ್ಷದ ಗೆರೆಗಳನ್ನು ದಿಟ್ಟಿಸುತ್ತ ಕೂರಬೇಡಿ. ಅಲ್ಲಿ ಎಲ್ಲವೂ ಕಲಸಿಹೋಗಿರುತ್ತದೆ. ಒಂದೇ ವರ್ಷವನ್ನು ಸಾವಿರಾರು ಸಲ ಓಡಿಸಿ, ಮುಂದಿನ ವರ್ಷದ ಸಂಖ್ಯೆಯನ್ನು ಈ ವರ್ಷದ ಸಂಖ್ಯೆಯಿಂದ ಭಾಗಿಸಿ, ಆ ಅನುಪಾತದ ವೇರಿಯನ್ಸ್ ನೋಡಿ. ಗುಂಪಿನ ಗಾತ್ರವನ್ನು ಪ್ರತಿ ಸಲ ಹತ್ತು ಪಟ್ಟು ಹಿಗ್ಗಿಸುತ್ತ ಹೋಗಿ.

```r
set.seed(1)
for (N in c(10, 100, 1000, 10000)) {
  x <- replicate(5000, varsha(N)) / N
  cat(N, mean(x), var(x), var(x) * N, "\n")
}
```

ದೋಷವಿರುವ ಕೋಡಿನಲ್ಲಿ ಕೊನೆಯ ಸಾಲು ಮುಗಿಯಲು ತುಸು ಹೊತ್ತು ಹಿಡಿಯುತ್ತದೆ, ಐದು ಕೋಟಿ ಬೀಟಾ ಸಂಖ್ಯೆಗಳನ್ನು ತೆಗೆಯಬೇಕಲ್ಲ. ಬಂದ ಮೇಲೆ ಕೊನೆಯ ಕಂಬಸಾಲನ್ನು ನೋಡಿ. ಹತ್ತಕ್ಕೂ, ಹತ್ತು ಸಾವಿರಕ್ಕೂ ಅಲ್ಲಿರುವುದು 0.32ರ ಆಸುಪಾಸಿನ ಸಂಖ್ಯೆಯೇ. ಅಂದರೆ ವೇರಿಯನ್ಸ್ ಗುಂಪಿನ ಗಾತ್ರಕ್ಕೆ ವಿಲೋಮವಾಗಿ ಕುಗ್ಗುತ್ತಿದೆ: 0.032, 0.0032, 0.00032, ಹೀಗೆ. ಹತ್ತು ಸಾವಿರದ ಗುಂಪಿನಲ್ಲಿ ಒಂದು ವರ್ಷಕ್ಕೂ ಇನ್ನೊಂದಕ್ಕೂ ಹೆಚ್ಚುಕಮ್ಮಿ ವ್ಯತ್ಯಾಸವೇ ಇಲ್ಲ. ಕೆಟ್ಟ ವರ್ಷ ಎಂಬುದೇ ಇಲ್ಲದ ಲೋಕ ಅದು.

ಇದು ಡೆಮೊಗ್ರಾಫಿಕ್ ಆಕಸ್ಮಿಕದ ಗುರುತು, ಅದೊಂದರದೇ ಗುರುತು. ಪ್ರತಿ ಬಾವಲಿಯೂ ತನ್ನ ಪಾಡಿಗೆ ಬದುಕುತ್ತದೆ ಅಥವಾ ಸಾಯುತ್ತದೆ. ತಲೆಗಳು ಹೆಚ್ಚಿದಂತೆ ಒಂದರ ಅದೃಷ್ಟ ಇನ್ನೊಂದರ ದುರದೃಷ್ಟಕ್ಕೆ ವಜಾ ಆಗುತ್ತದೆ. ಪರಿಸರದ ಆಕಸ್ಮಿಕ ಹೀಗೆ ವಜಾ ಆಗುವುದಿಲ್ಲ, ಏಕೆಂದರೆ ಅದು ಎಲ್ಲರ ಮೇಲೂ ಒಟ್ಟಿಗೆ ಬೀಳುತ್ತದೆ. ಕೋಲಾರ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಿನಲ್ಲಿ ನೂರು ಜನ ಕೊಳವೆಬಾವಿ ಕೊರೆಸಿದರೆ ಕೆಲವರಿಗೆ ನೀರು ಸಿಗುತ್ತದೆ, ಕೆಲವರಿಗೆ ಇಲ್ಲ, ಒಟ್ಟು ಲೆಕ್ಕ ಸುಮಾರಾಗಿ ಊಹಿಸಿದಂತೆಯೇ ಬರುತ್ತದೆ. ಮುಂಗಾರು ಕೈಕೊಟ್ಟರೆ ಮಾತ್ರ ನೂರು ಹೊಲವಿದ್ದರೂ ಸಾವಿರ ಹೊಲವಿದ್ದರೂ ಪೆಟ್ಟು ಒಂದೇ.

ಕಾರಣ: 1 ಇರಬೇಕಾದ ಕಡೆ `N`

ದೋಷವಿರುವುದು `rbeta(N, ...)` ಎಂಬಲ್ಲಿ. ಅದು ಪ್ರತಿ ಬಾವಲಿಗೂ ಬೇರೆಬೇರೆ `s` ಕೊಡುತ್ತಿದೆ. ಒಂದು ಬಾವಲಿಗೆ ಬರಗಾಲ, ಅದರ ಪಕ್ಕದಲ್ಲೇ ತೂಗಾಡುತ್ತಿರುವ ಇನ್ನೊಂದಕ್ಕೆ ಸುಭಿಕ್ಷ. ಒಂದೇ ಗುಹೆಯಲ್ಲಿ, ಒಂದೇ ವರ್ಷದಲ್ಲಿ.

ಇಲ್ಲಿ ಹಲವರು ಹೀಗೆ ಊಹಿಸುತ್ತಾರೆ: ಪರಿಸರದ ಏರಿಳಿತ ಪೂರ್ತಿ ಹೋಗಿರಲಾರದು, ಕನಿಷ್ಠ ಸ್ವಲ್ಪವಾದರೂ ಡೆಮೊಗ್ರಾಫಿಕ್ ಲೆಕ್ಕದೊಳಗೆ ಸೇರಿ ಅದನ್ನು ಹಿಗ್ಗಿಸಿರಬೇಕು. ಹಾಗೇನೂ ಆಗಿಲ್ಲ. ಬದುಕು ಅಥವಾ ಸಾವು ಎಂಬ ಎರಡೇ ಫಲವಿರುವಾಗ, ಮೊದಲು `s` ತೆಗೆದು ಆಮೇಲೆ ನಾಣ್ಯ ಚಿಮ್ಮಿದರೂ, ನೇರವಾಗಿ 0.8ರ ನಾಣ್ಯ ಚಿಮ್ಮಿದರೂ ಬರುವ ಫಲದ ಸಂಭವ ಒಂದೇ, 0.8. ಅದರ ವೇರಿಯನ್ಸ್ ಕೂಡ ಒಂದೇ, 0.16. ಮರಿಗಳ ಪಾಲು ಇನ್ನೊಂದು 0.16, ಒಟ್ಟು 0.32. `k` ಎಷ್ಟಿದ್ದರೂ ಈ ಲೆಕ್ಕದಲ್ಲಿ ಅದಕ್ಕೆ ಜಾಗವೇ ಇಲ್ಲ. ಬೀಟಾದ ಇಡೀ ಸಾಲನ್ನು ಅಳಿಸಿ `s` ಇದ್ದಲ್ಲಿ 0.8 ಎಂದು ಬರೆದಿದ್ದರೂ ವಿದ್ಯಾರ್ಥಿನಿಗೆ ಇದೇ ಉತ್ತರ ಬರುತ್ತಿತ್ತು, ಬೇಗನೆ ಬರುತ್ತಿತ್ತು.

ಪರಿಹಾರ ಎರಡು ಸಾಲಿನದು.

```r
varsha <- function(N, k = 24) {
  s <- rbeta(1, 0.8 * k, 0.2 * k)
  rbinom(1, N, s) + rbinom(1, N, 0.2)
}
```

ಈಗ ಅದೇ ಪರೀಕ್ಷೆಯನ್ನು ಮತ್ತೆ ಓಡಿಸಿ. ವೇರಿಯನ್ಸ್ ಹತ್ತಕ್ಕೆ 0.038, ನೂರಕ್ಕೆ 0.0095, ಸಾವಿರಕ್ಕೆ 0.0067, ಹತ್ತು ಸಾವಿರಕ್ಕೆ 0.0064ರ ಹತ್ತಿರ ಬರಬೇಕು. ಐದು ಸಾವಿರ ಸಲ ಓಡಿಸಿದಾಗ ನೂರಕ್ಕೆ ಎರಡು–ಮೂರರಷ್ಟು ಹೆಚ್ಚುಕಮ್ಮಿ ಸಹಜ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ನೋಡಬೇಕಾದದ್ದು ಆಕಾರ. ಮೊದಲು ಸರಸರ ಇಳಿದು, ಆಮೇಲೆ 0.0064 ಎಂಬ ನೆಲಕ್ಕೆ ತಗುಲಿ ಅಲ್ಲೇ ನಿಲ್ಲುತ್ತದೆ. ಆ ನೆಲವೇ ಪರಿಸರದ ವೇರಿಯನ್ಸ್. ಸೂತ್ರವಾಗಿ ಬರೆದರೆ:

`var = 0.3136 / N + 0.0064`

0.32 ಹೋಗಿ 0.3136 ಆದದ್ದೇಕೆಂದರೆ, `s` ತಾನೇ ಆಚೀಚೆ ಸರಿದಾಗ `s * (1 - s)` ಎಂಬುದರ ಸರಾಸರಿ 0.16ಕ್ಕಿಂತ ಸರಿಯಾಗಿ 0.0064ರಷ್ಟು ಕಡಿಮೆಯಾಗುತ್ತದೆ.

ಈ ಸೂತ್ರದಿಂದ ಸಿಗುವ ಒಂದು ಸಂಖ್ಯೆಯನ್ನು ನಾನು ಎಲ್ಲಕ್ಕಿಂತ ಹೆಚ್ಚು ಉಪಯೋಗಿಸುತ್ತೇನೆ. 0.3136ನ್ನು 0.0064ರಿಂದ ಭಾಗಿಸಿದರೆ 49. ಗುಂಪಿನಲ್ಲಿ 49 ಹೆಣ್ಣುಗಳಿದ್ದಾಗ ಎರಡೂ ಬಗೆಯ ಆಕಸ್ಮಿಕ ಸರಿಸಮ. ಹನುಮನಹಳ್ಳಿಯ ಗುಹೆಯಲ್ಲಿ ನೂರು ಹೆಣ್ಣುಗಳಿವೆ ಎಂದುಕೊಂಡರೆ ಏರಿಳಿತದ ಮೂರರಲ್ಲಿ ಎರಡು ಪಾಲು ಪರಿಸರದ್ದು. ಅದೇ ಗುಂಪು ಇಪ್ಪತ್ತಕ್ಕೆ ಇಳಿದರೆ ಪಾತ್ರ ಅದಲುಬದಲಾಗಿ, ನೂರಕ್ಕೆ ಎಪ್ಪತ್ತು ಪಾಲು ಬರಿಯ ತಲೆಲೆಕ್ಕದ ಅದೃಷ್ಟಕ್ಕೆ ಸೇರುತ್ತದೆ. ಪರಿಸರ ಇನ್ನಷ್ಟು ಚಂಚಲವಾಗಿ `k` 5.25ಕ್ಕೆ ಬಂದರೆ ಈ ಗಡಿ 49ರಿಂದ ಹನ್ನೆರಡರೊಳಗೆ ಬೀಳುತ್ತದೆ. ಆಗ ಡೆಮೊಗ್ರಾಫಿಕ್ ಆಕಸ್ಮಿಕಕ್ಕೆ ಉಳಿಯುವುದು ಕೊನೆಯ ಅಂಕ ಮಾತ್ರ. ಸಣ್ಣ ಗುಂಪೆಂದರೆ ಎಷ್ಟು ಸಣ್ಣದು ಎಂದು ಕೇಳುವವರಿಗೆ ಐವತ್ತು, ಐನೂರು ಎಂದು ಬಾಯಿಪಾಠದ ಉತ್ತರ ಕೊಡುವುದು ನನಗೆ ಹಿಡಿಸುವುದಿಲ್ಲ. ಆ ಗಡಿ ಪ್ರತಿ ಜೀವಿಗೂ ಪ್ರತಿ ಜಾಗಕ್ಕೂ ಬೇರೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹುಲ್ಲುಗಾವಲಿನ ಕೃಷ್ಣಮೃಗಕ್ಕೆ ಬಾವಲಿಯ ಗಡಿ ಹೊಂದುವುದಿಲ್ಲ.

ಅದೇ ಲಕ್ಷಣ, ಬೇರೆ ಕಾಯಿಲೆ

ಕೋಡ್ ನಿಧಾನವಾಯಿತೆಂದು ಅನುಭವಿಗಳು ಸಾವಿರಾರು ಗುಂಪುಗಳನ್ನು ಒಂದೇ ಏಟಿಗೆ ಓಡಿಸುತ್ತಾರೆ. ಅದು ಒಳ್ಳೆಯ ಅಭ್ಯಾಸವೇ.

```r
odisu <- function(reps, N0, years, k = 24) {
  N <- rep(N0, reps)
  for (y in seq_len(years)) {
    s <- rbeta(reps, 0.8 * k, 0.2 * k)
    N <- rbinom(reps, N, s) + rbinom(reps, N, 0.2)
  }
  N
}
mean(odisu(10000, 20, 50) == 0)
```

ಇಲ್ಲಿ `rbeta`ಗೆ 1 ಅಲ್ಲ, `reps` ಕೊಟ್ಟಿರುವುದನ್ನು ಗಮನಿಸಿ. ಇಲ್ಲಿನ ಒಂದೊಂದು ಸ್ಥಾನವೂ ಒಂದು ಬಾವಲಿಯಲ್ಲ, ಒಂದು ಇಡೀ ಗುಹೆ. ಗುಹೆಯೊಂದಕ್ಕೆ ವರ್ಷಕ್ಕೊಂದು `s` ಬೇಕು, ಅಷ್ಟೇ ನಿಯಮ. ಮೊದಲ ಪಾಠವನ್ನು ಕಣ್ಣುಮುಚ್ಚಿ ಪಾಲಿಸಿ ಇಲ್ಲೂ 1 ಎಂದು ಬರೆದರೆ, ಹತ್ತು ಸಾವಿರ ಗುಹೆಗಳಿಗೂ ಒಂದೇ ಹವಾಮಾನ ಬಡಿಯುತ್ತದೆ. ಆಗ ಗುಹೆಗಳ ನಡುವಿನ ವೇರಿಯನ್ಸ್ ಮತ್ತೆ ಗಾತ್ರಕ್ಕೆ ವಿಲೋಮವಾಗಿ ಕುಗ್ಗುತ್ತದೆ, ಪರೀಕ್ಷೆಯ ಕೊನೆಯ ಕಂಬಸಾಲು ಮತ್ತೆ ಹೆಚ್ಚುಕಮ್ಮಿ ಸ್ಥಿರವಾಗಿ ಕಾಣುತ್ತದೆ. ಲಕ್ಷಣ ಒಂದೇ, ಕಾಯಿಲೆ ತದ್ವಿರುದ್ಧ.

ಎರಡನ್ನೂ ಬೇರ್ಪಡಿಸುವುದು ಸರಾಸರಿಯ ಕಂಬಸಾಲು. `odisu(5000, 1000, 1) / 1000` ಎಂಬುದರ ಸರಾಸರಿಯನ್ನು ಬೀಜಸಂಖ್ಯೆ ಬದಲಿಸಿ ನಾಲ್ಕಾರು ಸಲ ತೆಗೆಯಿರಿ. ಪ್ರತಿ ಬಾವಲಿಗೂ ಬೇರೆ `s` ಕೊಟ್ಟ ದೋಷದಲ್ಲಿ ಸರಾಸರಿ ಯಾವಾಗಲೂ 1.00ಕ್ಕೆ ಅಂಟಿಕೊಂಡಿರುತ್ತದೆ. ಎಲ್ಲ ಗುಹೆಗೂ ಒಂದೇ `s` ಕೊಟ್ಟ ದೋಷದಲ್ಲಿ ಒಮ್ಮೆ 0.91, ಒಮ್ಮೆ 1.06 ಎಂದು ಜಿಗಿದಾಡುತ್ತದೆ. ಸರಿಯಾದ ಕೋಡಿನಲ್ಲಿ ಸರಾಸರಿ 1.00ರಲ್ಲೇ ಇದ್ದು, ವೇರಿಯನ್ಸ್ ಮಾತ್ರ ನೆಲಕ್ಕೆ ತಗುಲುತ್ತದೆ. ಐವತ್ತು ವರ್ಷದ ಗೆರೆಗಳನ್ನು ಎಳೆದರೆ ಎರಡನೆಯ ದೋಷ ಕಣ್ಣಿಗೂ ಕಾಣುತ್ತದೆ: ಎಲ್ಲ ಗೆರೆಗಳೂ ಕವಾಯತು ಮಾಡುವವರಂತೆ ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಬೀಳುತ್ತವೆ. ವೇರಿಯನ್ಸ್ ಸೊನ್ನೆಯೇ ಬಂದರೆ ಹೆಚ್ಚು ಹುಡುಕಬೇಡಿ, `set.seed` ಫಂಕ್ಷನ್ನಿನ ಒಳಗೆ ಸೇರಿಕೊಂಡಿದೆ, ಹೊರಗೆ ತೆಗೆಯಿರಿ.

ಗುಂಪು ಸಾಯುವುದೇ ಇಲ್ಲವೆಂದರೆ

ಇದು ಇನ್ನೊಂದು ತುದಿಯ ದೂರು. ಬೈನಾಮಿಯಲ್ ಬಿಟ್ಟು `N <- N * (s + 0.2)` ಎಂದು ಗುಣಿಸುತ್ತ ಹೋದವರಿಗೆ ಬರುವುದು. ಪರಿಸರದ ಏರಿಳಿತ ಸರಿಯಾಗಿಯೇ ಇರುತ್ತದೆ, ಆದರೆ ಸಂಖ್ಯೆ 0.4 ಬಾವಲಿಯಾಗಿ, 0.03 ಬಾವಲಿಯಾಗಿ ಕುಗ್ಗುತ್ತಲೇ ಇರುತ್ತದೆ, ಸೊನ್ನೆ ಮುಟ್ಟುವುದಿಲ್ಲ. ಒಳ್ಳೆಯ ವರ್ಷ ಬಂದಾಗ ಆ 0.03 ಬಾವಲಿ ಮತ್ತೆ ಚೇತರಿಸಿಕೊಳ್ಳುವುದೂ ಉಂಟು.

ಇದಕ್ಕೆ ಮದ್ದೆಂದು `round` ಹಚ್ಚುವವರಿದ್ದಾರೆ. ಅದು ಕಾಯಿಲೆಯನ್ನು ಇನ್ನಷ್ಟು ಒಳಗೆ ತಳ್ಳುತ್ತದೆ. ಗುಂಪಿನಲ್ಲಿ ಎರಡು ಹೆಣ್ಣು ಉಳಿದಿವೆ, ವರ್ಷ ಸುಮಾರು ಕೆಟ್ಟದ್ದು, ಗುಣಕ 0.8 ಎನ್ನಿ. 1.6 ಬರುತ್ತದೆ, `round` ಅದನ್ನು ಎರಡಕ್ಕೇ ತಿರುಗಿಸುತ್ತದೆ. ಗುಣಕ 1.2 ಬಂದರೆ 2.4, ಮತ್ತೆ ಎರಡೇ. ಒಂದೇ ಹೆಣ್ಣು ಉಳಿದಾಗ ಗುಣಕ ಅರ್ಧಕ್ಕಿಂತ ಕೆಳಗಿಳಿದರಷ್ಟೇ ಅದು ಸಾಯಬಲ್ಲದು, ಸಾಧಾರಣ ಕೆಟ್ಟ ವರ್ಷಗಳಲ್ಲಿ ಅದು ಚಿರಂಜೀವಿ. ನಿಜದಲ್ಲಿ ಒಂಟಿ ಹೆಣ್ಣು ಸರಾಸರಿ ವರ್ಷದಲ್ಲೂ ಐದರಲ್ಲೊಂದು ಪಾಲು ಸಂಭವದಿಂದ ಸಾಯುತ್ತದೆ. ಕೊನೆಯ ಬಾವಲಿಗಳನ್ನು ಕೊಲ್ಲುವುದು ಡೆಮೊಗ್ರಾಫಿಕ್ ಆಕಸ್ಮಿಕವೇ, ಬೈನಾಮಿಯಲ್‌ಗೆ ಬದಲಿಯಿಲ್ಲ.

ಅರ್ಧ ವಾಸಿಯಾದ ಕೋಡ್

ಮೇಲಿನ ಸರಿಪಡಿಸಿದ ಕೋಡಿನಲ್ಲಿ ಮರಿಗಳ 0.2 ಪ್ರತಿ ವರ್ಷವೂ ಸ್ಥಿರ. ಕೆಟ್ಟ ವರ್ಷ ಮರಿಗಳನ್ನೂ ಬಿಡುವುದಿಲ್ಲವೆಂದು ಅದಕ್ಕೂ ಇನ್ನೊಂದು `rbeta(1, 0.2 * k, 0.8 * k)` ಸೇರಿಸಿದರೆ ಸರಿಹೋಯಿತೆನಿಸುತ್ತದೆ. ವೇರಿಯನ್ಸಿನ ನೆಲ 0.0064ರಿಂದ 0.0128ಕ್ಕೆ ಏರುತ್ತದೆ. ಆದರೆ ಎರಡನ್ನೂ ಬೇರೆಬೇರೆ ತೆಗೆದದ್ದರಿಂದ, ತಾಯಂದಿರಿಗೆ ಕೀಟಗಳ ಬರ ಬಂದ ವರ್ಷವೇ ಮರಿಗಳಿಗೆ ಹಬ್ಬ ಬರಬಹುದು ಎಂದು ಕೋಡ್ ಒಪ್ಪಿಕೊಂಡಂತಾಯಿತು. ಮಳೆ ಕೈಕೊಟ್ಟು ಕೀಟ ಕಡಿಮೆಯಾದರೆ ಇಬ್ಬರೂ ಒಟ್ಟಿಗೆ ಸೊರಗುತ್ತಾರೆ. ವರ್ಷಕ್ಕೊಂದೇ ಚೀಟಿ ಎತ್ತಿ ಎರಡಕ್ಕೂ ಅದನ್ನೇ ಹಚ್ಚಬೇಕು:

```r
u <- runif(1)
s <- qbeta(u, 0.8 * k, 0.2 * k)
f <- qbeta(u, 0.2 * k, 0.8 * k)
```

ಈಗ ನೆಲ 0.0128ಕ್ಕೆ ನಿಲ್ಲದೆ ಹತ್ತಿರ ಹತ್ತಿರ ಅದರ ದುಪ್ಪಟ್ಟಾಗುತ್ತದೆ, ಏಕೆಂದರೆ ಒಟ್ಟಿಗೆ ಏರಿಳಿಯುವಾಗ ಮಾನಕ ವಿಚಲನೆಗಳೇ ಕೂಡುತ್ತವೆ. `odisu` ಒಳಗೆ ಹಾಕುವುದಾದರೆ `runif(reps)` ಎಂದು ಬರೆಯಬೇಕು, ಕಾರಣ ಮೊದಲೇ ಹೇಳಿದೆ. ನಿಜ ಜೀವನ ಈ ಎರಡು ತುದಿಗಳ ನಡುವೆ ಎಲ್ಲೋ ಇರುತ್ತದೆ. ಸಂದೇಹವಿದ್ದರೆ ಎರಡೂ ತುದಿಯನ್ನು ಓಡಿಸಿ ಎರಡೂ ಉತ್ತರವನ್ನು ವರದಿಯಲ್ಲಿ ಕೊಡುವುದು ನ್ಯಾಯ.

ಗುಹೆಯ ಬಾಯಲ್ಲಿ ಎಣಿಸಿದ ಸಂಖ್ಯೆಗಳಿಗೆ ಹಚ್ಚುವ ಮುನ್ನ

ಕೋಡ್ ಸರಿಯಾದ ಮೇಲೆ ವರ್ಷವರ್ಷದ ಎಣಿಕೆಯನ್ನು ತಂದು, ಅದರ ವೇರಿಯನ್ಸಿನಿಂದ ಡೆಮೊಗ್ರಾಫಿಕ್ ಪಾಲನ್ನು ಕಳೆದು, ಉಳಿದದ್ದೆಲ್ಲ ಪರಿಸರದ್ದು ಎಂದು ಹೇಳುವ ಆಸೆ ಹುಟ್ಟುತ್ತದೆ. ಅಲ್ಲಿ ಮೂರನೆಯವನೊಬ್ಬ ಕೂತಿರುತ್ತಾನೆ: ಎಣಿಕೆಯ ತಪ್ಪು. ಮುಸ್ಸಂಜೆಯಲ್ಲಿ ಗುಹೆಯಿಂದ ಹೊರಡುವ ಬಾವಲಿಗಳನ್ನು ಎಣಿಸುವಾಗ ಕೆಲವು ತಪ್ಪುತ್ತವೆ, ಕೆಲವು ಹೊರಬಂದು ಒಳಹೋಗಿ ಮತ್ತೆ ಹೊರಬಂದು ಎರಡು ಸಲ ಲೆಕ್ಕಕ್ಕೆ ಸಿಗುತ್ತವೆ. ಗುಂಪಿನ ಗಾತ್ರಕ್ಕೆ ತಕ್ಕ ಪ್ರಮಾಣದಲ್ಲಿ ಆಗುವ ಈ ತಪ್ಪು ಪರಿಸರದ ಏರಿಳಿತದ ವೇಷವನ್ನೇ ತೊಟ್ಟು ಬರುತ್ತದೆ, ನಮ್ಮ ಒಂದು ವರ್ಷದ ಪರೀಕ್ಷೆಗೆ ಅದು ಸಿಕ್ಕಿಬೀಳುವುದಿಲ್ಲ.

ಅದು ಸಿಕ್ಕಿಬೀಳುವುದು ಪಕ್ಕಪಕ್ಕದ ವರ್ಷಗಳನ್ನು ಹೋಲಿಸಿದಾಗ. ಈ ವರ್ಷ ಹೆಚ್ಚಾಗಿ ಎಣಿಸಿದ್ದರೆ ಗುಂಪು ಬೆಳೆದಂತೆ ಕಾಣುತ್ತದೆ, ಮುಂದಿನ ವರ್ಷ ಸರಿಯಾಗಿ ಎಣಿಸಿದಾಗ ಅಷ್ಟೇ ಕುಗ್ಗಿದಂತೆ ಕಾಣುತ್ತದೆ. ಏರಿಕೆಯ ಬೆನ್ನಿಗೇ ಇಳಿಕೆ. ಎಣಿಕೆಗಳು `y` ಎಂಬ ಸಾಲಿನಲ್ಲಿದ್ದರೆ:

```r
r <- diff(log(y))
acf(r, lag.max = 1, plot = FALSE)
```

ವರ್ಷದಿಂದ ವರ್ಷಕ್ಕೆ ಸಂಬಂಧವಿಲ್ಲದ ಪರಿಸರ ಮಾತ್ರ ಇದ್ದರೆ ಒಂದು ವರ್ಷದ ಅಂತರದ ಈ ಸಹಸಂಬಂಧ ಸೊನ್ನೆಯ ಹತ್ತಿರ ಇರಬೇಕು. ಎಣಿಕೆಯ ತಪ್ಪೇ ಎಲ್ಲವೂ ಆಗಿದ್ದರೆ ಅದು -0.5ರ ಕಡೆಗೆ ಸರಿಯುತ್ತದೆ. ಹತ್ತು ವರ್ಷದ ಎಣಿಕೆಯಲ್ಲಿ ಈ ಅಂಕಿಯನ್ನು ನಂಬುವುದು ಕಷ್ಟ. ಅಷ್ಟು ಚಿಕ್ಕ ಸಾಲಿನಲ್ಲಿ ಎಣಿಕೆಯ ತಪ್ಪು ಒಂದೂ ಇಲ್ಲದಾಗಲೂ -0.3 ಸುಮ್ಮನೆ ಬಂದುಬಿಡುತ್ತದೆ. ಹಾಗಾಗಿ ಇಬ್ಬರು ಒಂದೇ ಸಂಜೆ ಬೇರೆಬೇರೆಯಾಗಿ ಎಣಿಸಿ, ಇಬ್ಬರ ಸಂಖ್ಯೆಯನ್ನೂ ಅಳಿಸದೆ ಬರೆದಿಟ್ಟರೆ ಅದಕ್ಕಿಂತ ಹೆಚ್ಚು ಗೊತ್ತಾಗುತ್ತದೆ. ಆ ವ್ಯತ್ಯಾಸದಿಂದ ಎಣಿಕೆಯ ತಪ್ಪಿನ ವೇರಿಯನ್ಸ್ ನೇರವಾಗಿ ಸಿಗುತ್ತದೆ. ವರ್ಷದ ಅನುಪಾತದಲ್ಲಿ ಎರಡು ಎಣಿಕೆಗಳು ಸೇರಿರುವುದರಿಂದ ಅದನ್ನು ಕಳೆಯುವಾಗ ಎರಡು ಸಲ ಕಳೆಯಬೇಕು.

ಕಲ್ಲುಗಣಿಯ ಸ್ಫೋಟಕ್ಕೆ ಗುಹೆಯ ಚಾವಣಿ ಕುಸಿಯುವುದು ಈ ಯಾವ ಲೆಕ್ಕದಲ್ಲೂ ಇಲ್ಲ. ಬೀಟಾ ವಿತರಣೆ `k` 24ರಲ್ಲಿ 0.4ಕ್ಕಿಂತ ಕೆಳಗಿನ `s` ಕೊಡುವುದೇ ಅಪರೂಪ, ಸೊನ್ನೆ ಕೊಡುವುದಂತೂ ಇಲ್ಲವೇ ಇಲ್ಲ. ಅಂಥದನ್ನು ಸೇರಿಸುವುದಾದರೆ `k` ಇಳಿಸಿ ಸರಿಹೊಂದಿಸಲು ಹೋಗಬೇಡಿ, ಅದು ಸಾಧಾರಣ ವರ್ಷಗಳನ್ನೂ ಕೆಡಿಸುತ್ತದೆ. `odisu` ಒಳಗೆ `N` ಲೆಕ್ಕವಾದ ಕೂಡಲೇ ಪ್ರತ್ಯೇಕ ಸಾಲಾಗಿ ಹಾಕಿ, ಸಂಭವ `p` ಎಷ್ಟೆಂಬುದನ್ನು ನಿಮ್ಮ ಊಹೆಯೆಂದು ವರದಿಯಲ್ಲಿ ಸ್ಪಷ್ಟವಾಗಿ ಬರೆಯಿರಿ:

```r
N[runif(reps) < p] <- 0
```